ಆ ದಾರಿ ತಪ್ಪಿಸಿದಾಗ ಸಿಗುವ ನೆಮ್ಮದಿ

"ಅಪಘಾತ ಆಗಿ ಎಂಟು ತಿಂಗಳಾಯ್ತು. ಕೆಟ್ಟ ಕನಸು, ಬೆಚ್ಚಿಬೀಳೋದು ನಿಂತಿಲ್ಲ. ಆ ರಸ್ತೆಗೆ ಹೋಗದಿದ್ದರೆ ಆರಾಮಾಗಿರ್ತೀನಿ. ಹೀಗೇ ಇದ್ದರೆ ತಾನಾಗೇ ಸರಿಹೋಗುತ್ತಾ?"

ಹೀಗೇ ಇದ್ದರೆ ಕಷ್ಟ. ನಾನು ಎರಡು ವರ್ಷ ಹೀಗೇ ಇದ್ದೆ.

ನಾನಿದ್ದ ಕಾರಿಗೆ ಲಾರಿ ಗುದ್ದಿತ್ತು. ಮುರಿದ ಕೈ ಕೂಡಿಕೊಂಡಿತು. ಆದರೆ ಟೈರ್ ಸುಟ್ಟ ವಾಸನೆ ಬಂದರೆ ಸಾಕು, ಮತ್ತೆ ಆ ಸೀಟಿನಲ್ಲೇ ಇರುತ್ತಿದ್ದೆ, ಬೆಲ್ಟ್ ಎದೆ ಒತ್ತುತ್ತಿತ್ತು. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ರೇಗಾಡುತ್ತಿದ್ದೆ. "ಆ ದಾರಿ ಹಿಡಿಯೋಣ ಅಂದಿದ್ದು ನಾನೇ" ಅನ್ನೋ ಕೊರಗು ಬೇರೆ. ಮೊದಲ ಕೆಲವು ವಾರ ಇದೆಲ್ಲ ಬಹಳ ಜನಕ್ಕೆ ಆಗುತ್ತದೆ, ಹೆಚ್ಚಿನವರಿಗೆ ಇಳಿದೂ ಹೋಗುತ್ತದೆ. ತಿಂಗಳು ದಾಟಿಯೂ ಬದುಕು ಕೆಡಿಸುತ್ತಿದ್ದರೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮನಸ್ಸಿನ ಕಾಯಿಲೆ, ಇರಬಹುದು. ಹಿಂದೆಯೂ ಆಘಾತ ಕಂಡವರಿಗೆ, ಆಮೇಲೆ ಹೇಳಿಕೊಳ್ಳಲು ಯಾರೂ ಇಲ್ಲದವರಿಗೆ ಅಪಾಯ ಜಾಸ್ತಿ. ನಾನಂತೂ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ನನ್ನ ತಪ್ಪು ಒಂದೇ: ತಪ್ಪಿಸಿಕೊಂಡಿದ್ದು. ಮೊದಲು ಆ ತಿರುವು ಬಿಟ್ಟೆ. ಆಮೇಲೆ ಹೆದ್ದಾರಿ. ಆಮೇಲೆ ಕಾರೇ ಬೇಡವಾಯಿತು. ಪ್ರತಿ ಸಲ ವಾಪಸ್ ತಿರುಗಿದಾಗ ಎದೆ ಹಗುರಾಗುತ್ತಿತ್ತು. ಆ ಹಗುರವೇ ಮೋಸ ಮಾಡಿದ್ದು. "ವಾಪಸ್ ಬಂದೆ, ಅದಕ್ಕೇ ಬದುಕಿದೆ" ಅಂತ ಮನಸ್ಸು ಪಾಠ ಕಲಿಯುತ್ತಿತ್ತು. ಹೋದರೂ ಏನೂ ಆಗುವುದಿಲ್ಲ ಅಂತ ಕಲಿಯಲು ನಾನು ಅವಕಾಶವನ್ನೇ ಕೊಡಲಿಲ್ಲ. ಹಾಗಾಗಿ ನೀವು ಹೇಳುವ ಆರಾಮ ಇದೆಯಲ್ಲ, ಅದನ್ನು ನಾನು ಆರಾಮ ಅಂತ ಒಪ್ಪುವುದಿಲ್ಲ. ಕಾಯಿಲೆ ಉಳಿಯುವುದೇ ಅದರಿಂದ.

ನನಗೆ ಕೊಟ್ಟಿದ್ದು ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಎಂಬ, ಭಯಪಡುವುದನ್ನು ಹಂತ ಹಂತವಾಗಿ ಎದುರಿಸುವ ಥೆರಪಿ. ಸಾಮಾನ್ಯವಾಗಿ 8ರಿಂದ 15 ಭೇಟಿ, ಒಂದೊಂದೂ ಒಂದರಿಂದ ಒಂದೂವರೆ ಗಂಟೆ. ಭಯಕ್ಕೆ 0ರಿಂದ 100ರವರೆಗೆ ಅಂಕ ಹಾಕಿ ಪಟ್ಟಿ ಮಾಡಿದೆವು. ನಿಂತ ಕಾರಿನಲ್ಲಿ ಕೂರುವುದು 40, ಆ ತಿರುವು 95. ಕೆಳಗಿನಿಂದ ಶುರು. ಮೊದಲ ದಿನ ನಿಂತ ಕಾರಿನಲ್ಲಿ ಕೂತೆ, 40 ಅಂದುಕೊಂಡಿದ್ದು 70 ಆಯಿತು. ಇಳಿದು ಓಡಬೇಕು ಅನ್ನಿಸಿತು. ಕೂತೇ ಇದ್ದೆ. ಮುಕ್ಕಾಲು ಗಂಟೆಯಲ್ಲಿ 30ಕ್ಕೆ ಇಳಿಯಿತು.

ಇನ್ನೊಂದು ಭಾಗ ಇದಕ್ಕಿಂತ ಕಷ್ಟ. ಕಣ್ಣು ಮುಚ್ಚಿ, ಈಗಲೇ ನಡೆಯುತ್ತಿದೆ ಅನ್ನೋ ಹಾಗೆ ಇಡೀ ಘಟನೆ ಹೇಳಬೇಕು. ಅದರ ರೆಕಾರ್ಡಿಂಗ್ ದಿನಾ ಮನೆಯಲ್ಲಿ ಕೇಳಬೇಕು. ಐದಾರು ಸಲ ಹೇಳಿದ ಮೇಲೆ ಒಂದು ವಿಷಯ ಹೊಳೆಯಿತು: ಲಾರಿ ತಪ್ಪು ಬದಿಯಿಂದ ಬಂದಿತ್ತು. ನಾನು ಹಿಡಿದ ದಾರಿಗೂ ಅದಕ್ಕೂ ಏನು ಸಂಬಂಧ?

ಘಟನೆಯ ಬಗ್ಗೆ ಅಂಟಿಕೊಂಡ ತಪ್ಪು ಯೋಚನೆಗಳನ್ನು ತಿದ್ದುವ ಸಿಪಿಟಿ, ಕಣ್ಣು ಅತ್ತಿತ್ತ ಆಡಿಸುತ್ತಾ ಘಟನೆ ನೆನಪಿಸಿಕೊಳ್ಳುವ ಇಎಮ್‌ಡಿಆರ್ ಎಂಬ ಥೆರಪಿಗಳಿಗೂ ಒಳ್ಳೆಯ ಪುರಾವೆ ಇದೆ. ಸರ್ಟ್ರಾಲಿನ್‌ನಂಥ ಖಿನ್ನತೆಯ ಮಾತ್ರೆ ಕೆಲವರಿಗೆ ನೆರವಾಗುತ್ತದೆ. ಆದರೆ ಆತಂಕವನ್ನು ತಕ್ಷಣಕ್ಕೆ ತಗ್ಗಿಸುವ ಆಲ್‌ಪ್ರಜೋಲಾಮ್ ಥರದ ಮಾತ್ರೆಯನ್ನು ಇದಕ್ಕೆ ಚಿಕಿತ್ಸೆ ಅಂದುಕೊಳ್ಳಬೇಡಿ. ಈಗಾಗಲೇ ತಗೊಳ್ತಿದ್ದರೆ ಡಾಕ್ಟರನ್ನು ಕೇಳದೆ ದಿಢೀರ್ ಅಂತ ನಿಲ್ಲಿಸಲೂಬೇಡಿ.

ಹಾಗಂತ ನಾಳೆಯೇ ಒಬ್ಬರೇ ಆ ರಸ್ತೆಗೆ ನುಗ್ಗಬೇಡಿ. ಥೆರಪಿಸ್ಟ್‌ಗೆ ಫೋನ್ ಮಾಡಿದಾಗ ಮೊದಲೇ ಕೇಳಿ: "ಪ್ರೊಲಾಂಗ್ಡ್ ಎಕ್ಸ್‌ಪೋಷರ್, ಸಿಪಿಟಿ, ಇಎಮ್‌ಡಿಆರ್, ಇವುಗಳಲ್ಲಿ ಯಾವುದಕ್ಕೆ ತರಬೇತಿ ಪಡೆದಿದ್ದೀರಿ?" ಬರೀ ಮಾತಾಡಿಸಿ ಕಳಿಸುತ್ತೇವೆ ಅಂದರೆ ಬೇರೆಯವರನ್ನು ಹುಡುಕಿ.