ಮಾನ್‌ಸ್ಟೆರಾ ಎಲೆ ಸೀಳದಿದ್ದರೆ ಬೇರಿನ ಮೇಲೇಕೆ ಸಿಟ್ಟು?

ಪ್ರಶ್ನೆ: ನನ್ನ ಮಾನ್‌ಸ್ಟೆರಾ ಆರಡಿ ಉದ್ದ ಬೆಳೆದು ನೆಲದ ಮೇಲೆ ಹರಡಿದೆ. ಎಲ್ಲೆಂದರಲ್ಲಿ ಕಂದು ಬೇರು. ಹೊಸ ಎಲೆ ಒಂದೂ ಸೀಳುತ್ತಿಲ್ಲ. ಬೇರು ಕತ್ತರಿಸಿ, ಪಾಚಿ ಸುತ್ತಿದ ಮಾಸ್ ಪೋಲ್‌ಗೆ ಕಟ್ಟಿದರೆ ಸರಿಹೋಗುತ್ತಾ?

ಬೇರಿಗೆ ಕೈ ಹಚ್ಚಬೇಡಿ. ಈ ಪ್ರಶ್ನೆ ಎಷ್ಟು ಸಲ ಬರುತ್ತದೋ! ಅದು ರೋಗವಲ್ಲ, ಮರ ಹತ್ತುವ ಬಳ್ಳಿ ಹಿಡಿತಕ್ಕಾಗಿ ಬಿಡುವ ಗಾಳಿಬೇರು. ಒಂದೆರಡು ಕತ್ತರಿಸಿದರೆ ಗಿಡ ಸಾಯುವುದಿಲ್ಲ ನಿಜ, ಆದರೆ ಸೀಳಿಗೂ ಅದಕ್ಕೂ ಸಂಬಂಧವಿಲ್ಲ.

ಎಳೇ ಗಿಡದ ಎಲೆ ಹೇಗೂ ಸೀಳುವುದಿಲ್ಲ. ನಿಮ್ಮದು ಎಳೇ ಗಿಡವಲ್ಲ, ಬೆಳಕು ಸಾಲದ ಗಿಡ. ಎರಡು ಎಲೆಗಳ ನಡುವಿನ ಅಂತರ ಜಾಸ್ತಿಯಾಗುತ್ತಾ, ಹೊಸ ಎಲೆ ಹಳೆಯದಕ್ಕಿಂತ ಚಿಕ್ಕದಾಗುತ್ತಾ ಹೋಗಿರಬೇಕು, ನೋಡಿ. ಕತ್ತಲ ಮೂಲೆಯಲ್ಲಿ ಪೋಲ್ ನೆಟ್ಟರೆ ಬಡಕಲು ಬಳ್ಳಿ ನೆಟ್ಟಗೆ ನಿಲ್ಲುತ್ತದೆ, ಅಷ್ಟೆ. ಮೊದಲು ಕಿಟಕಿಯ ಹತ್ತಿರ ತನ್ನಿ, ಮಧ್ಯಾಹ್ನದ ಬಿಸಿಲು ನೇರ ಬೀಳದಿದ್ದರೆ ಸಾಕು.

ಸೊಟ್ಟಗೆ ಬಲಿತ ಕಾಂಡವನ್ನು ಎಳೆದು ಪೋಲ್‌ಗೆ ಕಟ್ಟಲು ಹೋದರೆ ಮುರಿಯುತ್ತದೆ. ಬೇಸಿಗೆಯ ಬೆಳವಣಿಗೆ ಕಾಲದಲ್ಲಿ ಕತ್ತರಿಸಿಬಿಡಿ. ಕುಂಡದಲ್ಲಿ ಎರಡು ಮೂರು ಗೆಣ್ಣು ಉಳಿಯಲಿ, ಅಲ್ಲಿಂದ ಮತ್ತೆ ಚಿಗುರುತ್ತದೆ. ತುದಿಯ ತುಂಡಿನಲ್ಲಿ ಎರಡು ಎಲೆ, ಒಂದಾದರೂ ಗಾಳಿಬೇರು ಇರಬೇಕು. ಗೆಣ್ಣಿಗಿಂತ ಒಂದು ಇಂಚು ಕೆಳಗೆ ಚೂಪಾದ, ಒರೆಸಿ ಶುಚಿ ಮಾಡಿದ ಕತ್ತರಿಯಿಂದ ಕತ್ತರಿಸಿ. ಕೈಗವಸು ಹಾಕಿಕೊಳ್ಳಿ, ಆ ರಸ ಚರ್ಮಕ್ಕೆ ತುರಿಕೆ ತರುತ್ತದೆ. ಕತ್ತರಿಸಿದ ತುದಿ ಕೆಲವು ಗಂಟೆ ಒಣಗಲಿ, ಆಮೇಲೆ ಗಾಳಿಬೇರಿನ ಸಮೇತ ಒದ್ದೆ ಪಾಚಿಯಲ್ಲಿ ನೆಡಿ.

ಈಗ ಪೋಲ್. ಕಾಂಡದಲ್ಲಿ ಬೇರು ಹೊರಡುವ ಬೆನ್ನು ಇರುತ್ತದಲ್ಲ, ಅದು ಪೋಲ್‌ಗೆ ಒತ್ತಿಕೊಂಡಿರಬೇಕು. ಕಟ್ಟುವುದು ಕಾಂಡವನ್ನು, ಎಲೆಯ ತೊಟ್ಟನ್ನಲ್ಲ, ತೊಟ್ಟು ಬೆಳಕಿನತ್ತ ತಿರುಗುತ್ತಿರುತ್ತದೆ. ಪಾಚಿ ಒಣಗಿದ್ದರೆ ಅದು ಬರೀ ಕೋಲು. ಬೇರು ಅದರ ಮೇಲೆ ಜಾರಿ ಹೋಗುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ, ಹಾಗಾಗಿ ಮೇಲಿನಿಂದ ನಿಧಾನವಾಗಿ ನೀರು ಹನಿಸಿ. ಕೆಲವು ವಾರದ ನಂತರ ಬೇರನ್ನು ಮೆಲ್ಲಗೆ ಎಳೆದು ನೋಡಿ, ಬಿಗಿಯಾಗಿದ್ದರೆ ಹಿಡಿದಿದೆ.

ಪೂರ್ತಿ ಬಿಚ್ಚಿಕೊಂಡ ಎಲೆ ಮತ್ತೆ ಸೀಳುವುದಿಲ್ಲ, ಅದನ್ನು ಕಾಯಬೇಡಿ. ಬುಡದ ಹೊಸ ಚಿಗುರಿನ ಮೊದಲ ಎಲೆಗಳು ಇಡಿಯಾಗಿಯೇ ಬರಬಹುದು, ಗಾಬರಿಯಾಗಿ ‘ಎಲೆ ಸೀಳಿಸುವ ಟಾನಿಕ್’ ಮಾರುವವರ ಕೈಗೆ ಸಿಕ್ಕಬೇಡಿ. ಬೆಳಕನ್ನು ಬಾಟಲಿಯಲ್ಲಿ ತುಂಬಿ ಮಾರಲಾಗದು.

ಪ್ರಶ್ನೆ: ಇಡೀ ಎಲೆಯನ್ನು ನಾವೇ ಕತ್ತರಿಯಿಂದ ಸೀಳಬಹುದಾ?

ಸೀಳಿ. ಕಂದು ಅಂಚಿನ ಹರಿದ ಎಲೆ ಸಿಗುತ್ತದೆ.

ಪ್ರಶ್ನೆ: ಗೆಳತಿ ತೊಟ್ಟಿನ ಸಮೇತ ಒಂದು ಎಲೆ ಕೊಟ್ಟಳು. ನೀರಲ್ಲಿ ಬೇರು ಬಂದಿದೆ, ಚಿಗುರು ಯಾವಾಗ?

ಗೆಣ್ಣು ಇಲ್ಲದಿದ್ದರೆ ಎಂದೂ ಇಲ್ಲ. ಗೆಣ್ಣಿರುವ ತುಂಡು ಕೇಳಿ ತನ್ನಿ.