ಹುಬ್ಬಳ್ಳಿ ಗಿರಣಿಯ 50 ಸೈಕಲ್ ಮೋಟರ್, ಅಮೆರಿಕದ 60 ಸೈಕಲ್ ಕರೆಂಟ್

"ಅಣ್ಣಾರ, ಮುಂದಿನ ತಿಂಗಳ ಹುಬ್ಬಳ್ಳಿ ಬಿಟ್ಟು ಅಮೆರಿಕಕ್ಕ ಬರಾಕತ್ತೀವಿ. ಸಾಮಾನಿನ ಜೋಡಿ ಜ್ವಾಳ ಬೀಸೂ ಸಣ್ಣ ಕಲ್ಲಿನ ಗಿರಣಿನೂ ಕಳಿಸಬೇಕಂತ ಮಾಡೀವಿ. ಮೋಟರ್ ಪ್ಲೇಟ್ ಮ್ಯಾಲೆ 1 ಎಚ್‌ಪಿ, ಸಿಂಗಲ್ ಫೇಸ್, 230 ವೋಲ್ಟ್, 50 ಸೈಕಲ್, 1440 ಆರ್‌ಪಿಎಂ, 7.5 ಆಂಪ್ ಅಂತ ಅದ. ಮೋಟರ್ ಪುಲ್ಲಿ 3 ಇಂಚು, ಕಲ್ಲಿನ ಪುಲ್ಲಿ 6 ಇಂಚು. ಅಲ್ಲಿ 60 ಸೈಕಲ್ ಅಂತಾರ. ಓಡ್ತದೋ, ಸುಡ್ತದೋ?"

ಓಡ್ತದ್ರಿ. ಆದ್ರ ಕಲ್ಲಿನ ಪುಲ್ಲಿ ಬದಲಿ ಮಾಡದ ಕಾಳು ಹಾಕಬ್ಯಾಡ್ರಿ.

ಇಂಥಾ ಮೋಟರಿನ ಸ್ಪೀಡ್ ಹಿಡಿದಿಡೋದು ಸೈಕಲ್ಲು, ಅಂದ್ರ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದಮುಂದ ಆಗ್ತದ ಅನ್ನೋದು, ವೋಲ್ಟಲ್ಲ. ನಿಮ್ಮದು ನಾಲ್ಕು ಪೋಲಿನ ಮೋಟರ್. 50 ಸೈಕಲ್‌ಗೆ ಅದರ ಕಾಂತಕ್ಷೇತ್ರ ನಿಮಿಷಕ್ಕ 1500 ಸುತ್ತು ತಿರಗ್ತದ, ಲೋಡ್ ಬಿದ್ದಾಗ ಒಳಗ ತಿರಗೋ ರೋಟರ್ ಸ್ವಲ್ಪ ಹಿಂದ ಬಿದ್ದು 1440ಕ್ಕ ನಿಲ್ತದ. ಇಲ್ಲಿ ಅಮೆರಿಕದಾಗ ಅದೇ ಕ್ಷೇತ್ರ 1800 ಸುತ್ತು ತಿರಗ್ತದ, ರೋಟರ್ 1725ರ ಆಸುಪಾಸು ಬರ್ತದ. ಅಲ್ಲೆ 720 ಸುತ್ತು ತಿರಗೋ ಕಲ್ಲು ಇಲ್ಲೆ 860 ದಾಟ್ತದ. ಲಗೂ ಬೀಸ್ತದ ಅಂತ ಖುಷಿ ಪಡೂದು ಬ್ಯಾಡ. ಕಲ್ಲಿನ ನಡುವ ಹಿಟ್ಟು ಕಾಯ್ತದ, ಕಾದ ಹಿಟ್ಟಿಗೆ ಜಿಗಿ ಹೋಗಿ ರೊಟ್ಟಿ ಬಡಿಯೂ ಮುಂದ ಅಂಚು ಸೀಳ್ತದ. ಅದಕ್ಕಿಂತ ದೊಡ್ಡ ಮಾತಂದ್ರ, ಆ ಹೆಚ್ಚಿನ ಸ್ಪೀಡಿನ ಕೆಲಸ ಪೂರಾ ಮೋಟರಿನ ತಲಿ ಮ್ಯಾಲೆ ಬೀಳ್ತದ.

ಇನ್ನ ವೋಲ್ಟ್. ಇಲ್ಲಿ ಮನಿಯೊಳಗ ಒಲಿಗೆ, ಡ್ರೈಯರ್‌ಗೆ ಕೊಡೋ 240 ವೋಲ್ಟ್ ಲೈನ್ ಇರ್ತದ. 230ಕ್ಕಿಂತ 10 ಹೆಚ್ಚೇ ಅದಲ್ಲ, ಕಡಿಮಿ ಎಲ್ಲೆ ಆತು ಅಂತ ಭಾಳ ಮಂದಿ ಕೇಳ್ತಾರ. ನೋಡಬೇಕಾದದ್ದು ಬರೇ ವೋಲ್ಟ್ ಅಲ್ಲ, ಒಂದು ಸೈಕಲ್‌ಗೆ ಎಷ್ಟು ವೋಲ್ಟ್ ಅನ್ನೋದು. ಅಲ್ಲೆ 230ನ್ನ 50ರಿಂದ ಭಾಗಿಸಿದ್ರ 4.6. ಇಲ್ಲೆ 240ನ್ನ 60ರಿಂದ ಭಾಗಿಸಿದ್ರ 4. ಮೋಟರಿನ ಕಬ್ಬಿಣದೊಳಗ ಹುಟ್ಟೋ ಕಾಂತಶಕ್ತಿ ಈ ಲೆಕ್ಕದ ಹಿಂದನ ಹೋಗ್ತದ. ಅಂದ್ರ ಸುಮಾರು 13 ಪರ್ಸೆಂಟ್ ಕಡಿಮಿ. ಸರಿಸಮ ಆಗಬೇಕಂದ್ರ 276 ವೋಲ್ಟ್ ಬೇಕಾಗ್ತಿತ್ತು. ಕಾಂತಶಕ್ತಿ ಇಳಿದ ಮ್ಯಾಲೆ ಅಷ್ಟೇ ತಿರುಗು ಬಲ ಕೊಡಬೇಕಂದ್ರ ರೋಟರ್ 15 ಪರ್ಸೆಂಟ್ ಹೆಚ್ಚು ಕರೆಂಟ್ ಎಳೀಬೇಕು. ಶಾಖ ಕರೆಂಟಿನ ವರ್ಗದಂಗ ಏರ್ತದ, ಹಿಂಗಾಗಿ ರೋಟರಿನ ಶಾಖ ಹೆಚ್ಚುಕಡಿಮಿ ಮೂರನೇ ಒಂದು ಪಾಲು ಹೆಚ್ಚಾಗ್ತದ. ಹಂಗ ಮೋಟರ್ ನಿಲ್ಲದ ತಡಕೊಳ್ಳೋ ಗರಿಷ್ಠ ಬಲ ನಾಲ್ಕನೇ ಒಂದು ಪಾಲು ಇಳೀತದ. ಕಾಳು ಒಮ್ಮೆಲೆ ಬಿದ್ರ ಮೋಟರ್ ಗುಂಯ್ ಅಂತ ನಿಲ್ಲೋದು ಇದಕ್ಕ.

ಫ್ಯಾನ್ ಜೋರು ತಿರಗ್ತದಲ್ಲ, ತಂಪಾಗೂದಿಲ್ಲೇನು ಅಂತೀರಿ. ಗಾಳಿ 20 ಪರ್ಸೆಂಟ್ ಹೆಚ್ಚು ಬರ್ತದ, ಖರೆ. ಆದ್ರ ಆ ಫ್ಯಾನ್ ತಿರಗಿಸಾಕ ಹಿಡಿಯೋ ಶಕ್ತಿ 1.2ರ ಘನದಷ್ಟು, ಅಂದ್ರ 73 ಪರ್ಸೆಂಟ್ ಏರ್ತದ, ಅದನ್ನೂ ಮೋಟರೇ ಕೊಡಬೇಕು. ಕಬ್ಬಿಣದ ಶಾಖ ಹೆಚ್ಚುಕಡಿಮಿ ಇದ್ದಷ್ಟೇ ಇರ್ತದ. ಒಟ್ಟಾರೆ ಹೆಚ್ಚಿನ ಗಾಳಿ ಸ್ವಲ್ಪ ನೆರವಾಗ್ತದ, ಮೂರನೇ ಒಂದು ಪಾಲು ಏರಿದ ಶಾಖಾನ್ನ ಪೂರಾ ತೀರಿಸೂದಿಲ್ಲ. ಮ್ಯಾಲೆ ಗಿರಣಿ ಮೋಟರ್ ಹಿಟ್ಟಿನ ಧೂಳಿನ್ಯಾಗ ಕೂತಿರ್ತದ, ಜೋರು ಫ್ಯಾನ್ ಅಂದ್ರ ಜೋರಾಗಿ ಹಿಟ್ಟು ಎಳಕೊಳ್ಳೋ ಫ್ಯಾನ್. ಹಿಂದಿನ ಕವರಿನ ಜಾಳಿಗಿ ಕಟ್ಟಿಕೊಂಡ್ರ ಈ ಲೆಕ್ಕಾನ ಇಲ್ಲ.

ಈಗ ಪುಲ್ಲಿ ಮಾತು. ಕಲ್ಲಿನ ಕಡೆ 6 ಇಂಚಿನ ಬದಲಿ 7 ಇಂಚು ಹಾಕ್ರಿ. 1725ನ್ನ 3ರಿಂದ ಗುಣಿಸಿ 7ರಿಂದ ಭಾಗಿಸಿದ್ರ 740, ಹುಬ್ಬಳ್ಳಿ ಸ್ಪೀಡಿಗೆ ಬಂದಂಗ ಆತು. ಇದರಾಗಿನ ಇನ್ನೊಂದು ಲಾಭ ಮಂದಿಗೆ ಲಗೂ ಕಾಣೂದಿಲ್ಲ: ಪುಲ್ಲಿ ದೊಡ್ಡದಾದ್ರ ಅದೇ ಕಲ್ಲು ತಿರಗಿಸಾಕ ಮೋಟರ್ ಕೊಡಬೇಕಾದ ಬಲ ಏಳರಾಗ ಆರು ಪಾಲಿಗೆ ಇಳೀತದ. 15 ಪರ್ಸೆಂಟ್ ಏರಬೇಕಾದ ರೋಟರ್ ಕರೆಂಟು ಮೊದಲಿದ್ದ ಜಾಗಕ್ಕೇ ಬಂದು ನಿಲ್ತದ. ವೋಲ್ಟಿನ ಕೊರತಿನೂ ಒಂದು ಪುಲ್ಲಿಯಿಂದ ತೀರ್ತದ. ಮೋಟರ್ ಪುಲ್ಲಿನ ಎರಡೂವರಿ ಇಂಚು ಮಾಡಿದ್ರೂ ಲೆಕ್ಕ ಸರಿ ಕೂಡ್ತದ, ಆದ್ರ ಎ ಸೈಜಿನ ಬೆಲ್ಟ್ ಅಷ್ಟು ಸಣ್ಣ ಪುಲ್ಲಿ ಮ್ಯಾಲೆ ಬಾಗಿ ಬಾಗಿ ಬಿರುಕು ಬಿಡ್ತದ, ಜಾರ್ತದ. ದೊಡ್ಡ ಪುಲ್ಲಿಗೆ ಬೆಲ್ಟ್ ಒಂದೂವರಿ ಇಂಚು ಹೆಚ್ಚು ಬೇಕಾಗ್ತದ. ಎರಡು ಇಂಚು ಉದ್ದಂದು ತಂದು, ಮೋಟರ್ ಬೋಲ್ಟ್ ಸಡಲ ಮಾಡಿ ಸ್ವಲ್ಪ ಹಿಂದ ಸರಿಸಿದ್ರ ಬಿಗಿ ಆಗ್ತದ.

ಸ್ಟಾರ್ಟ್ ಮಾಡೂ ಮುಂದ ಒಂದು ತೊಡಕದ. ನಿಮ್ಮ ಮೋಟರ್ ಚಾಲೂ ಆದ ಕ್ಷಣಕ್ಕ ಒಳಗ ಟಕ್ ಅಂತದಲ್ಲ, ಅದು ಸ್ಪ್ರಿಂಗಿನ ಸ್ವಿಚ್ಚು, 1100 ಸುತ್ತಿನ ಸುಮಾರಿಗೆ ಸ್ಟಾರ್ಟ್ ಕೆಪಾಸಿಟರ್ ಬಿಡಿಸ್ತದ. ಅದಕ್ಕ ಸೈಕಲ್ ಗೊತ್ತಿಲ್ಲ, ಬರೇ ಸುತ್ತು ಗೊತ್ತು. 1500ರಾಗ 1100 ಅಂದ್ರ ಮುಕ್ಕಾಲು ದಾರಿ, 1800ರಾಗ ಬರೇ ಅರವತ್ತು ಪರ್ಸೆಂಟು. ಹಿಂಗಾಗಿ ಕೆಪಾಸಿಟರ್ ಲಗೂ ಬಿಡ್ತದ, ಅಲ್ಲಿಂದ ಮುಂದ ಮೇನ್ ವೈಂಡಿಂಗ್ ಒಂದೇ ಎಳೀಬೇಕು. ಕಲ್ಲಿನ ನಡುವ ಕಾಳು ಉಳಿದಿದ್ರ ಸುತ್ತು ಇಳಿದು ಸ್ವಿಚ್ ತಿರುಗಿ ಕೂಡ್ತದ, ಮತ್ತ ಬಿಡ್ತದ, ಟಕ್ ಟಕ್ ಟಕ್ ಅಂತ ಸಪ್ಪಳ ಬರ್ತದ. ಕೇಳಿದ ಕೂಡಲೆ ಬಂದ್ ಮಾಡ್ರಿ, ಯಾಕಂದ್ರ ಆ ಕೆಪಾಸಿಟರ್ ಕೆಲವೇ ಸೆಕೆಂಡ್ ತಡಕೊಳ್ಳೋ ಜಾತಿದು, ಒಡೀತದ. ಖಾಲಿ ಕಲ್ಲಿನಿಂದ, ಕಲ್ಲು ಸ್ವಲ್ಪ ಎತ್ತಿ ಚಾಲೂ ಮಾಡ್ರಿ. ಪೂರಾ ಸ್ಪೀಡ್ ಬಂದ ಮ್ಯಾಲೆ ಇಳಿಸಿ ಕಾಳು ಬಿಡ್ರಿ.

ವೈರಿಂಗ್ ಇಲ್ಲಿನ ಎಲೆಕ್ಟ್ರಿಷಿಯನ್ ಕೈಲೆ ಮಾಡಸ್ರಿ. ಇಲ್ಲಿ 240 ಅಂದ್ರ ಎರಡೂ ವೈರ್ ಜೀವಂತ, ಪ್ರತಿಯೊಂದಕ್ಕೂ ನೆಲದಿಂದ 120 ವೋಲ್ಟ್. ನಿಮ್ಮ ಗಿರಣಿ ಸ್ವಿಚ್ ಒಂದೇ ವೈರ್ ಕಡೀತಿದ್ರ, ಬಂದ್ ಮಾಡಿದ ಮ್ಯಾಲೂ ಮೋಟರಿನೊಳಗ ಕರೆಂಟ್ ಉಳೀತದ. ಎರಡೂ ಕಡಿಯೋ ಸ್ವಿಚ್ ಹಾಕಸ್ರಿ. ನಮ್ಮ ಹಳೇ ವೈರಿಂಗಿನ್ಯಾಗ ಕರೀ ವೈರ್ ನ್ಯೂಟ್ರಲ್, ಇಲ್ಲಿ ಕರೀದು ಫೇಸ್, ಇದರಾಗ ತಪ್ಪಬ್ಯಾಡ್ರಿ. ಅಪಾರ್ಟ್‌ಮೆಂಟ್ ಹಿಡಿದಿದ್ರ ಮೊದಲ ಮೀಟರ್ ಹಚ್ಚಿ ನೋಡ್ರಿ, ಎಷ್ಟೋ ಕಟ್ಟಡದಾಗ 240 ಅಲ್ಲ, 208 ಬರ್ತದ. 208ನ್ನ 60ರಿಂದ ಭಾಗಿಸಿದ್ರ 3.5ನೂ ಆಗೂದಿಲ್ಲ, ತಡಕೊಳ್ಳೋ ಬಲ ಅರ್ಧಕ್ಕಿಂತ ಸ್ವಲ್ಪ ಮ್ಯಾಲೆ ಉಳೀತದ. ಅಲ್ಲಿ ಈ ಮೋಟರ್ ಹಾಕಬ್ಯಾಡ್ರಿ. ಅಂಗಡಿಯಾಗ ಸಿಗೋ ಟ್ರಾನ್ಸ್‌ಫಾರ್ಮರ್ ವೋಲ್ಟ್ ಅಷ್ಟೇ ಏರಸ್ತದ, ಸೈಕಲ್ 60ನ ಇರ್ತದ. ಸ್ಪೀಡ್ ಬದಲಿ ಮಾಡೋ ಡ್ರೈವ್ ತರ್ತೀನಿ ಅಂತ ಹೋಗಬ್ಯಾಡ್ರಿ, ಸಾಮಾನ್ಯವಾಗಿ ಅವು ಥ್ರೀ ಫೇಸ್ ಮೋಟರಿಗೆ ಮಾಡಿದ್ದು, ಈ ಸ್ಪ್ರಿಂಗ್ ಸ್ವಿಚ್ಚಿನ ಮೋಟರಿಗೆ ಕೂಡೂದಿಲ್ಲ.

ಹುಬ್ಬಳ್ಳಿ ಬಿಡೂ ಮುಂದ ಕ್ಲ್ಯಾಂಪ್ ಮೀಟರ್ ಹಾಕಿ ಖಾಲಿ ಓಡೂ ಕರೆಂಟು, ಬೀಸೂ ಮುಂದಿನ ಕರೆಂಟು ಎರಡೂ ಬರಕೊಂಡ್ ಬರ್ರಿ. ಇಲ್ಲೆ ಬೆಲ್ಟ್ ಬಿಚ್ಚಿ ಓಡಿಸಿದಾಗ ಖಾಲಿ ಕರೆಂಟು ಅಲ್ಲಿಗಿಂತ ಸ್ವಲ್ಪ ಕಡಿಮಿ ಬರಬೇಕು; ಹೆಚ್ಚು ಬಂದ್ರ ಜೋಡಣಿ ತಪ್ಪ್ಯದ ಅಥವಾ ಸ್ವಿಚ್ ಬಿಟ್ಟಿಲ್ಲ. ಬೀಸೂ ಮುಂದ 7.5 ಆಂಪ್ ದಾಟಬಾರದು. ದಾಟಿದ್ರ ಕಾಳಿನ ಧಾರಿ ಸಣ್ಣ ಮಾಡ್ರಿ.

ಇನ್ನೂ ಪ್ಯಾಕ್ ಮಾಡಿಲ್ಲ ಅಂದ್ರ, ನನ್ನ ಕೇಳಿದ್ರ ಮೋಟರ್ ಅಲ್ಲೇ ಬಿಟ್ಟು ಬರ್ರಿ. ಗಿರಣಿ ಅಷ್ಟೇ ತಂದು, 240 ವೋಲ್ಟ್ 60 ಸೈಕಲ್ಲಿನ 1 ಎಚ್‌ಪಿ, 1725 ಆರ್‌ಪಿಎಂ ಮೋಟರ್ ಇಲ್ಲೇ ತಗೊಳ್ರಿ. ಪುಲ್ಲಿ ಲೆಕ್ಕ ಆಗಲೂ ಅದೇ 3 ಮತ್ತು 7. ಆದ್ರ ನಿಮ್ಮ ಮೋಟರ್ ಪುಲ್ಲಿಯ ತೂತು ಮಿಲಿಮೀಟರಿನ್ಯಾಗ ಕೊರದದ್ದು, ಇಲ್ಲಿನ ಶಾಫ್ಟ್ ಇಂಚಿನ ಲೆಕ್ಕದ್ದು. ಆ 3 ಇಂಚಿನ ಪುಲ್ಲಿನೂ ಇಲ್ಲೇ ಕೊಳ್ಳಬೇಕಾಗ್ತದ.