ಖಾಲಿ ಬಿದ್ದ ಬ್ಲಾಕ್ ಮೆಷಿನ್ ನೋಡಿ ಹೆದರಬೇಕಾ?

ಪ್ರಶ್ನೆ: ತುಮಕೂರಿನ ಗುಬ್ಬಿ ರಸ್ತೆ ಕಡೆ ಸಿಮೆಂಟ್ ಬ್ಲಾಕ್ ಯಾರ್ಡ್ ಹಾಕೋಣ ಅಂತಿದ್ದೇವೆ. ಅಲ್ಲಿ ಈಗಾಗಲೇ ಇರುವವರು ದೊಡ್ಡ ಮೆಷಿನ್ ತರಿಸಿ, "ಯಾರಾದರೂ ಬಂದರೆ ಡಬಲ್ ಮಾಲು ತೆಗೆದು ರೇಟು ಬೀಳಿಸ್ತೀವಿ" ಅಂತ ಹೇಳ್ತಿದ್ದಾರೆ. ಸುಮ್ನೆ ಹೆದರಿಸೋದಾ?

ಬಾಯಿಮಾತಿಗೆ ಹೆದರಬೇಡಿ, ಆದರೆ ಆ ಮೆಷಿನ್ನನ್ನು ಸರಿಯಾಗಿ ನೋಡಿ. ಬ್ಲಾಕ್ ತೂಕದ ಮಾಲು, ದೂರ ಸಾಗಿಸಿದರೆ ಲಾರಿ ಬಾಡಿಗೆಯೇ ಲಾಭ ತಿನ್ನುತ್ತೆ, ಹಾಗಾಗಿ ರೇಟು ನಿಂತಿರುವುದು ಸುತ್ತಮುತ್ತಲಿನ ಯಾರ್ಡುಗಳ ಮೇಲೇ.

ಲೆಕ್ಕಕ್ಕೆ ಕೆಲವು ಅಂಕಿ ಇಟ್ಟುಕೊಳ್ಳೋಣ, ನಿಜವಾದವಲ್ಲ. ದಿನಕ್ಕೆ ಮಾರುಕಟ್ಟೆಗೆ ಬರುವ ಪ್ರತಿ ಸಾವಿರ ಬ್ಲಾಕಿಗೆ ರೇಟು 75 ರೂಪಾಯಿಂದ ಒಂದೊಂದು ರೂಪಾಯಿ ಇಳಿಯುತ್ತೆ. ಸಿಮೆಂಟು, ಜಲ್ಲಿಪುಡಿ, ಕೂಲಿ ಸೇರಿ ಬ್ಲಾಕಿಗೆ 25 ರೂಪಾಯಿ, ಮೆಷಿನ್ ಕಂತು 20. ಮೊದಲು ಅವರು ಮೆಷಿನ್ ಕೊಂಡೇ ಇಲ್ಲ ಅನ್ನಿ. ಇಬ್ಬರೂ 10 ಸಾವಿರ ತೆಗೆಯುತ್ತೀರಿ, ರೇಟು 55, ನಿಮಗೆ ದಿನಕ್ಕೆ 1 ಲಕ್ಷ ಉಳಿಯುತ್ತೆ. ಅವರು ಇನ್ನೊಂದು ಸಾವಿರ ಜಾಸ್ತಿ ಮಾಡಿದರೆ ಅದರಿಂದ ಸಿಗುವುದು 9 ಸಾವಿರ, ರೇಟು ಇಳಿದು ಹಳೆಯ ಮಾಲಿನಲ್ಲಿ ಹೋಗುವುದು 10 ಸಾವಿರ. ಅಂದರೆ ಆ ಬೆದರಿಕೆ ಪೊಳ್ಳು.

ಈಗ 20 ಸಾವಿರಕ್ಕೆ ಆಗುವ ಮೆಷಿನ್ ಕೊಂಡಾಗಿದೆ ಅನ್ನಿ. ಓಡಿಸಲಿ ಬಿಡಲಿ, ಕಂತು ಕಟ್ಟಲೇಬೇಕು. ಇನ್ನು ಮುಂದೆ ಅವರಿಗೆ ಒಂದು ಬ್ಲಾಕಿನ ಖರ್ಚು 25 ಮಾತ್ರ, ನಿಮಗೆ 45. ಅವರು 20 ಸಾವಿರ ತೆಗೆದರೆ ನಿಮಗೆ ಲಾಭದ ಜಾಗ 5 ಸಾವಿರ ಬ್ಲಾಕಿಗಷ್ಟೇ, ರೇಟು 50, ಉಳಿಯುವುದು 25 ಸಾವಿರ ರೂಪಾಯಿ. ಯಾರ್ಡಿನ ಬಾಡಿಗೆ, ಕರೆಂಟ್ ಲೈನು ಇಂಥ ನಿಂತ ಖರ್ಚು ದಿನಕ್ಕೆ 40 ಸಾವಿರ ಇದ್ದರೆ ನೀವು ಮುಳುಗುತ್ತೀರಿ. ನೀವು ಬಂದ ಮೇಲೆ ಅವರು ಕಡಿಮೆ ಮಾಡಲ್ವಾ? ಮಾಡಲ್ಲ. ಒಂದು ಸಾವಿರ ಇಳಿಸಿದರೆ 25 ಸಾವಿರ ರೂಪಾಯಿ ಬಿಡಬೇಕು, ರೇಟು ಏರಿ ಬರುವುದು 19 ಸಾವಿರ ಮಾತ್ರ. ನೀವು ಬರದೇ ಹೋದರೆ ಅವರಿಗೆ ಕಂತು ಕಳೆದೂ ದಿನಕ್ಕೆ 2 ಲಕ್ಷ ಉಳಿಯುತ್ತೆ, ಹಂಚಿಕೊಂಡಿದ್ದರೆ ಬರೀ 1 ಲಕ್ಷ.

ಇದಕ್ಕೊಂದು ಮಿತಿ ಇದೆ. 1977ರಲ್ಲಿ ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ ಖಾಲಿ ಇಟ್ಟ ಮೆಷಿನ್ನೂ ಹೊಸಬರನ್ನು ತಡೆಯುತ್ತೆ ಅಂದಿದ್ದರು. 1980ರಲ್ಲಿ ನಮ್ಮ ದೇಶದಲ್ಲೇ ಹುಟ್ಟಿದ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಅವಿನಾಶ್ ದೀಕ್ಷಿತ್ ಕೇಳಿದ್ದು ಬೇರೆ: ಹೊಸಬ ಬಂದ ಮೇಲೂ ಅದನ್ನು ಓಡಿಸುವುದು ಲಾಭವೇ? ನಮ್ಮ ಲೆಕ್ಕದಲ್ಲಿ 30 ಸಾವಿರದ ಮೆಷಿನ್ ತಂದರೂ ನೀವು ಬಂದ ಮೇಲೆ ಅವರು ಓಡಿಸುವುದು ಸುಮಾರು 23 ಸಾವಿರ ತನಕ. ಮಿಕ್ಕಿದ್ದು ತೋರಿಕೆಗೆ. ಆಗಲೂ ನಿಮಗೆ 11 ಸಾವಿರ ರೂಪಾಯಿ ಉಳಿಯುತ್ತೆ, ನಿಂತ ಖರ್ಚು ಅದಕ್ಕಿಂತ ಕಡಿಮೆ ಇದ್ದರೆ ಧೈರ್ಯವಾಗಿ ಇಳಿಯಿರಿ.

ಮೊದಲು ಆ ಮೆಷಿನ್ ಹೇಗಿದೆ ಅಂತ ನೋಡಿ ಬನ್ನಿ. ಚಕ್ರ ಇದ್ದು ಎಳೆದೊಯ್ಯುವಂಥದ್ದಾದರೆ, ಅಥವಾ ಬಾಡಿಗೆಯದಾದರೆ, ನಾಳೆ ಬೇರೆಯವರಿಗೆ ಕೊಟ್ಟು ದುಡ್ಡು ವಾಪಸ್ ಪಡೆಯಬಹುದು, ಕಂತು ಅವರನ್ನು ಕಟ್ಟಿಹಾಕಲ್ಲ. ಕಾಂಕ್ರೀಟ್ ಬುನಾದಿ ಮೇಲೆ ಕೂರಿಸಿ, ಸೆಕೆಂಡ್ ಹ್ಯಾಂಡ್‌ಗೆ ಕೊಳ್ಳುವವರೇ ಇಲ್ಲದಂಥದ್ದಾದರೆ ಅವರು ಹೇಳಿದ್ದನ್ನು ಮಾಡಿಯೇ ಮಾಡುತ್ತಾರೆ.